ಪಿಲ್ಲರ್ ರಾಡು ಎರಡೇ ಅಡಿ ಬಿಟ್ಟಿದ್ದಾರೆ, ಲ್ಯಾಪ್ ಸಾಕಾ? ಕವರ್ ಬ್ಲಾಕ್ ಬದಲು ಜಲ್ಲಿ ಕಲ್ಲು ನಡೆಯುತ್ತದಾ?

ಶಿರಾಗೇಟ್_ಹೊಸಮನೆ
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ನಾನು ಕೆಲಸ ಮಾಡುವುದು ಬ್ಯಾಂಕಿನಲ್ಲಿ, ಸಿವಿಲ್ ಏನೂ ಗೊತ್ತಿಲ್ಲ. ನೆಲಮಹಡಿಯ ಮೋಲ್ಡ್ ಹೋದ ವಾರ ಮುಗಿಯಿತು. ಈಗ ಮೊದಲ ಮಹಡಿಯ ಪಿಲ್ಲರ್ ಎಬ್ಬಿಸಬೇಕು. ಪಿಲ್ಲರ್ ಸೈಜು ಒಂಬತ್ತಕ್ಕೆ ಹನ್ನೆರಡು ಇಂಚು, ಪ್ರತಿಯೊಂದರಲ್ಲೂ 16 ಎಂಎಂನ ಆರು ರಾಡು, ಕಾಂಕ್ರೀಟ್ ಎಂ20, ರಾಡು ಎಫ್‌ಇ 500. ಸ್ಲ್ಯಾಬಿನಿಂದ ಮೇಲೆ ರಾಡು ಬಿಟ್ಟಿರುವುದು ಎರಡೇ ಅಡಿ, ಟೇಪ್ ಹಿಡಿದು ನೋಡಿದೆ, 610 ಎಂಎಂ. ಆರೂ ರಾಡು ಒಂದೇ ಮಟ್ಟದಲ್ಲಿ ನಿಂತಿವೆ. ಡ್ರಾಯಿಂಗ್‌ನಲ್ಲಿ ‘ಲ್ಯಾಪ್ 57 ಡಿ’ ಅಂತ ಬರೆದಿದೆ. ಮೇಸ್ತ್ರಿಯನ್ನು ಕೇಳಿದರೆ "ಇಪ್ಪತ್ತು ವರ್ಷದಿಂದ ಎರಡಡಿಯೇ ಬಿಡೋದು, ಬೈಂಡಿಂಗ್ ವೈರ್ ನಾಲ್ಕು ಕಡೆ ಬಿಗಿದರೆ ಅಲ್ಲಾಡಲ್ಲ" ಅಂತಾರೆ. ಇನ್ನೊಂದು, ನೆಲಮಹಡಿ ಪಿಲ್ಲರ್‌ಗೆ ಕವರ್ ಬ್ಲಾಕ್ ಬದಲು ಜಲ್ಲಿ ಕಲ್ಲು ಸಿಕ್ಕಿಸಿದ್ದರು. ಇವೆರಡೂ ನಿಜಕ್ಕೂ ಚಿಂತೆ ಮಾಡುವ ವಿಷಯವಾ? ಅರ್ಥವಾಗುವ ಹಾಗೆ ಯಾರಾದರೂ ಹೇಳಿ.

ಕಟ್ಟಡಪ್ರಿಯ_ಹಾಸನ
50 ಡಿ ಬಿಡಬೇಕು ಸರ್. ಎಲ್ಲ ಕಡೆಗೂ ಅದೇ ಲೆಕ್ಕ, ಡಿ ಅಂದರೆ ರಾಡಿನ ದಪ್ಪ. 16 × 50 ಅಂದರೆ 800 ಎಂಎಂ. ನಿಮ್ಮದು 190 ಎಂಎಂ ಕಮ್ಮಿ ಇದೆ. ಕವರ್ ಅಂದರೆ ಕಬ್ಬಿಣದ ಹೊರಗಿನ ಕಾಂಕ್ರೀಟಿನ ದಪ್ಪ, ಅದು 25 ಎಂಎಂ ಇದ್ದರೆ ಸಾಕು, ನಮ್ಮ ಮನೆಯ ಪಿಲ್ಲರ್‌ಗೂ ಬೀಮ್‌ಗೂ 25ರ ಬ್ಲಾಕೇ ಹಾಕಿಸಿದ್ದು. ಆಮೇಲೆ ಹೇಗೂ ಪ್ಲಾಸ್ಟರ್ ಬರುತ್ತದೆ, ಅದು ಒಂದು 15 ಎಂಎಂ ಸೇರಿಸಿದರೆ 40 ಆಯಿತಲ್ವಾ.

ತುಂಗಾತೀರ
ಶಿರಾಗೇಟ್ ಅವರೇ, ಮೊದಲು ಒಂದು ಮಾತು. ಆ ಪಿಲ್ಲರ್‌ಗಳಿಗೆ ಸೆಂಟ್ರಿಂಗ್ ಬಾಕ್ಸ್ ಕೂರಿಸಲು ಬಿಡಬೇಡಿ, ಸ್ವಲ್ಪ ನಿಲ್ಲಿಸಿ. ನಾನು ಶಿವಮೊಗ್ಗದ ಕಡೆ 22 ವರ್ಷದಿಂದ ಸೈಟ್ ಇಂಜಿನಿಯರ್ ಕೆಲಸ ಮಾಡುತ್ತಿದ್ದೇನೆ. ಇದನ್ನು ಬುಡದಿಂದ ಹೇಳುತ್ತೇನೆ.

ಲ್ಯಾಪ್ ಅಂದರೆ ಕೆಳಗಿನ ರಾಡು ಮತ್ತು ಮೇಲಿನ ರಾಡು ಪಕ್ಕಪಕ್ಕ ನಿಲ್ಲುವ ಉದ್ದ. ಒಂದರ ಬಲ ಇನ್ನೊಂದಕ್ಕೆ ನೇರವಾಗಿ ದಾಟುವುದಿಲ್ಲ. ಮೇಲಿನ ರಾಡು ತನ್ನ ಮೈಮೇಲಿನ ಗೀರುಗಳಿಂದ ಸುತ್ತಲಿನ ಕಾಂಕ್ರೀಟನ್ನು ಹಿಡಿದುಕೊಳ್ಳುತ್ತದೆ, ಆ ಕಾಂಕ್ರೀಟು ಕೆಳಗಿನ ರಾಡನ್ನು ಹಿಡಿದುಕೊಳ್ಳುತ್ತದೆ. ಅಂದರೆ ನಡುವೆ ನಿಂತು ಬಲ ದಾಟಿಸುವುದು ಕಾಂಕ್ರೀಟು. ಬೈಂಡಿಂಗ್ ವೈರ್ ಕೆಲಸ ಕಾಂಕ್ರೀಟ್ ಸುರಿಯುವ ತನಕ ರಾಡು ಜಾಗ ಬಿಡದ ಹಾಗೆ ನೋಡಿಕೊಳ್ಳುವುದು, ಅಷ್ಟೇ. ನಾಲ್ಕಲ್ಲ, ಹದಿನಾಲ್ಕು ಕಡೆ ಬಿಗಿದರೂ ಲ್ಯಾಪ್‌ನ ಬಲ ಜಾಸ್ತಿ ಆಗುವುದಿಲ್ಲ.

ಈಗ ಎಷ್ಟು ಉದ್ದ ಬೇಕು ಅನ್ನುವುದು. ಎಫ್‌ಇ 500 ರಾಡಿಗೆ ವಿನ್ಯಾಸದಲ್ಲಿ ಹಿಡಿಯುವ ಒತ್ತಡ 500ರ 0.87 ಪಾಲು, ಅಂದರೆ 435. ಎಂ20 ಕಾಂಕ್ರೀಟು ನುಣುಪು ರಾಡನ್ನು ಹಿಡಿಯುವ ಬಲಕ್ಕೆ ಕಾಂಕ್ರೀಟ್ ಕೆಲಸದ ಕೋಡ್ ಐಎಸ್ 456 ಕೊಡುವ ಅಂಕಿ 1.2. ಗೀರು ಇರುವ ರಾಡಿಗೆ ಅದನ್ನು 1.6 ಪಟ್ಟು ಮಾಡಿಕೊಳ್ಳಬಹುದು. ಲೆಕ್ಕ ಇಷ್ಟೇ:

```
435 ÷ (4 × 1.2 × 1.6) = 56.6
```

ಅದಕ್ಕೇ ನಿಮ್ಮ ಡ್ರಾಯಿಂಗ್‌ನಲ್ಲಿ 57 ಡಿ. 16ಕ್ಕೆ ಗುಣಿಸಿದರೆ 912 ಎಂಎಂ, ಹೆಚ್ಚುಕಮ್ಮಿ ಮೂರು ಅಡಿ. ನಿಮ್ಮ 610 ಅಂದರೆ 38 ಡಿ ಮಾತ್ರ.

ಕಟ್ಟಡಪ್ರಿಯ ಅವರ 50 ಡಿ ಸುಳ್ಳಲ್ಲ, ಅದು ಎಂ25ರ ಲೆಕ್ಕ. ಅಲ್ಲಿ 1.2ರ ಜಾಗದಲ್ಲಿ 1.4 ಬರುತ್ತದೆ, ಉತ್ತರ 49. ಕಾಂಕ್ರೀಟ್ ಕಮ್ಮಿ ದರ್ಜೆಯದಾದರೆ ಹಿಡಿತ ಕಮ್ಮಿ, ಲ್ಯಾಪ್ ಉದ್ದ. ‘ಎಲ್ಲ ಕಡೆಗೂ 50’ ಅಂದುಕೊಂಡರೆ ಎಂ20 ಮನೆಗಳಲ್ಲಿ ಕಮ್ಮಿ ಬೀಳುತ್ತದೆ. ಪ್ಲಾಸ್ಟರ್ ವಿಷಯ ಆಮೇಲೆ ಬರೆಯುತ್ತೇನೆ, ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಬೇಡಿ.

ಕಂಬಿಕೆಲಸ_ರಾಯಚೂರು
ಅಕ್ಕಾರೆ, ನಾನು ಬಾರ್ ಬೆಂಡರ್. ಹನ್ನೊಂದು ವರ್ಷದಿಂದ ಬೆಂಗಳೂರಲ್ಲಿ ಇದೇ ಕೆಲಸ. ಎರಡಡಿ ಯಾಕೆ ಬಿಡ್ತಾರೆ ಅಂತ ನಾನು ಹೇಳ್ತೀನಿ. ರಾಡ್ ಬರೋದು 12 ಮೀಟರ್. ಮಾಲೀಕರು ವೇಸ್ಟ್ ಆಗಬಾರದು ಅಂತಾರೆ, ಕಟಿಂಗ್ ಲೆಕ್ಕದಲ್ಲಿ ಒಂದಡಿ ಉಳಿಸಿದರೆ ಖುಷಿ. ಇನ್ನು ಲ್ಯಾಪ್ ಪಿಲ್ಲರ್ ಮಧ್ಯದಲ್ಲಿ ಬರಬೇಕು ಅಂತ ಕೆಲವು ಇಂಜಿನಿಯರ್ ಹೇಳ್ತಾರೆ. ಅದಕ್ಕೆ ಸ್ಲ್ಯಾಬ್ ಮೇಲೆ ಆರಡಿ ರಾಡ್ ಬಿಡಬೇಕು. ಕಾಂಕ್ರೀಟ್ ಹಾಕುವಾಗ ಅದು ತೂಗಾಡುತ್ತದೆ, ಮೇಲುಗಡೆ ಒಂದು ರಿಂಗ್ ಕಟ್ಟಿ ಆಧಾರ ಕೊಡದಿದ್ದರೆ ಬುಡವೇ ಜರುಗುತ್ತದೆ. ಆಮೇಲೆ ಪೈಪ್ ಹಾಕಿ ಬಗ್ಗಿಸಿ ಜಾಗಕ್ಕೆ ತರೋದು. ಕಷ್ಟ ಇದೆ ಅಂತ ಹೇಳಿದೆ, ಮಾಡಬಾರದು ಅಂತಲ್ಲ. ಮೂರಡಿ ಬಿಡೋದಂತೂ ಯಾರಿಗೂ ಕಷ್ಟ ಅಲ್ಲ.

ಕಡಲತಡಿ_ಕುಂದಾಪುರ
ಕವರ್ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಮ್ಮ ಮನೆ ಸಮುದ್ರದಿಂದ ಅರ್ಧ ಕಿಲೋಮೀಟರ್ ಒಳಗೆ. ಕಟ್ಟಿ ಹದಿನೆಂಟು ವರ್ಷ. ಮೂರು ವರ್ಷದ ಹಿಂದೆ ಜಗಲಿಯ ಎರಡು ಪಿಲ್ಲರ್‌ಗಳ ಮೂಲೆಯಲ್ಲಿ ನೆಟ್ಟಗೆ ಮೇಲಿಂದ ಕೆಳಗೆ ಬಿರುಕು ಬಂತು. ಪ್ಲಾಸ್ಟರ್ ಬಿರುಕು ಅಂದುಕೊಂಡು ಎರಡು ಸಲ ಪುಟ್ಟಿ ತುಂಬಿ ಬಣ್ಣ ಹೊಡೆಸಿದೆವು. ಮತ್ತೆ ಅದೇ ಜಾಗದಲ್ಲಿ, ಕಂದು ಬಣ್ಣದ ಕಲೆಯ ಜೊತೆ ಬಂತು. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು. ಕೊನೆಗೆ ಒಡೆದು ನೋಡಿದರೆ ರಿಂಗಿನ ಮೇಲೆ ಕಾಂಕ್ರೀಟ್ ಇದ್ದದ್ದು ಒಂದು ಬೆರಳಿನಷ್ಟೂ ಇಲ್ಲ, ಉಳಿದದ್ದೆಲ್ಲ ಪ್ಲಾಸ್ಟರ್. ರಿಂಗ್ ಕೆಲವು ಕಡೆ ತುಂಡಾಗಿಯೇ ಹೋಗಿತ್ತು. ರಿಪೇರಿಗೆ ಆದ ಖರ್ಚು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಪ್ಲಾಸ್ಟರ್ ಸೇರಿಸಿ 40 ಆಯಿತು ಅನ್ನುವವರು ಇದನ್ನು ಓದಲಿ.

ಕಟ್ಟಡಪ್ರಿಯ_ಹಾಸನ
ಅದು ಸಮುದ್ರದ ಉಪ್ಪುಗಾಳಿಗೆ ಆಗಿದ್ದು ಸರ್. ಹಾಸನ, ತುಮಕೂರಿನಲ್ಲಿ ಅಷ್ಟು ಬೇಡ ಅನ್ನಿಸುತ್ತದೆ. 25 ಅಂತ ನಾನು ಕೋಡ್‌ನಲ್ಲೇ ಓದಿದ ನೆನಪು.

ತುಂಗಾತೀರ
ನೀವು ಓದಿದ್ದು ನಿಜ, ಆದರೆ ಆ ವಾಕ್ಯ ಅರ್ಧಕ್ಕೆ ನೆನಪಿದೆ. ಪಿಲ್ಲರ್‌ನ ಉದ್ದ ರಾಡಿಗೆ ಕವರ್ 40 ಎಂಎಂಗಿಂತ ಕಮ್ಮಿ ಇರಬಾರದು, ರಾಡಿನ ದಪ್ಪಕ್ಕಿಂತಲೂ ಕಮ್ಮಿ ಇರಬಾರದು ಅನ್ನುವುದು ಐಎಸ್ 456ರ ನಿಯಮ. ಪಿಲ್ಲರ್‌ನ ಚಿಕ್ಕ ಅಳತೆ 200 ಎಂಎಂ ಅಥವಾ ಕಮ್ಮಿ ಇದ್ದು, ರಾಡು 12 ಎಂಎಂ ದಾಟದಿದ್ದರೆ ಮಾತ್ರ 25 ಆಗುತ್ತದೆ. ಒಂಬತ್ತು ಇಂಚು ಅಂದರೆ 230 ಎಂಎಂ. ಅದು ಈ ವಿನಾಯಿತಿಗೆ ಬರುವುದಿಲ್ಲ.

ಪ್ಲಾಸ್ಟರ್ ಯಾಕೆ ಲೆಕ್ಕಕ್ಕಿಲ್ಲ ಅಂದರೆ, ಅದು ಆಮೇಲೆ ಬಳಿದ ಬೇರೆ ಪದರ. ಕಾಂಕ್ರೀಟಿನ ಜೊತೆ ಒಂದೇ ಮೈಯಾಗಿ ಇರುವುದಿಲ್ಲ, ನೀರನ್ನೂ ಸುಲಭವಾಗಿ ಎಳೆದುಕೊಳ್ಳುತ್ತದೆ. ಕುಂದಾಪುರದವರು ಹೇಳಿದ ಬಿರುಕಿನ ಗುರುತು ಎಲ್ಲರೂ ನೆನಪಿಡುವಂಥದ್ದು. ರಾಡಿನ ಗುಂಟ ನೆಟ್ಟಗೆ ಹೋಗುವ ಬಿರುಕು, ಕಂದು ಕಲೆ, ತಟ್ಟಿದರೆ ಟೊಳ್ಳು. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ, ಒಳಗಿಂದ ಕವರನ್ನು ತಳ್ಳಿ ಒಡೆಯುತ್ತದೆ. ಕಡಲ ಗಾಳಿಗೆ ನೇರವಾಗಿ ತೆರೆದಿರುವ ಕಡೆ ಕೋಡ್ 45 ಎಂಎಂ ಕವರ್ ಮತ್ತು ಕನಿಷ್ಠ ಎಂ30 ಕೇಳುತ್ತದೆ.

ಆದರೆ ಶಿರಾಗೇಟ್ ಅವರೇ, ನಿಮ್ಮ ವಿಷಯದಲ್ಲಿ ಕವರ್ ಬರೀ ತುಕ್ಕಿನ ಪ್ರಶ್ನೆ ಅಲ್ಲ. ನಿಮ್ಮ ಎರಡು ಪ್ರಶ್ನೆ ನಿಜವಾಗಿ ಒಂದೇ. ರಾಡನ್ನು ಎಳೆದಾಗ ಅದರ ಗೀರುಗಳು ಕಾಂಕ್ರೀಟನ್ನು ಹೊರಗಡೆಗೂ ತಳ್ಳುತ್ತವೆ. ಲ್ಯಾಪ್ ಇರುವ ಕಡೆ ಎರಡು ರಾಡು ಅಕ್ಕಪಕ್ಕ, ತಳ್ಳುವುದೂ ಜಾಸ್ತಿ. ಅದನ್ನು ತಡೆಯುವುದು ಎರಡೇ, ಹೊರಗಿನ ಕವರ್ ಮತ್ತು ಸುತ್ತಲಿನ ರಿಂಗ್. ಕವರ್ ತೆಳುವಾಗಿದ್ದರೆ ರಾಡಿನ ಗುಂಟ ಸೀಳುತ್ತದೆ, ಸೀಳಿದ ಮೇಲೆ ಹಿಡಿತ ಎಲ್ಲಿಂದ ಬರಬೇಕು? ಲ್ಯಾಪ್ ಮೂರಡಿ ಇದ್ದೂ ಕವರ್ ಅರ್ಧ ಇಂಚಾದರೆ ಆ ಮೂರಡಿಯನ್ನು ಪೂರ್ತಿ ನಂಬುವ ಹಾಗಿಲ್ಲ.

ಮನೆ ಕೆಲಸದಲ್ಲಿ ಕವರ್ ಹಾಳಾಗುವುದೂ ಬಹಳ ಸಲ ಇದೇ ಲ್ಯಾಪ್ ಜಾಗದಲ್ಲಿ. ಕೆಳಗಿನ ರಾಡು ಮೂಲೆಯಲ್ಲಿ ಸರಿಯಾಗಿ ನಿಂತಿರುತ್ತದೆ. ಮೇಲಿನ ರಾಡನ್ನು ಅದರ ಹೊರಗಡೆಗೆ ನಿಲ್ಲಿಸಿ ಕಟ್ಟಿಬಿಡುತ್ತಾರೆ. ಅಲ್ಲಿಗೆ 16 ಎಂಎಂ ಕವರ್ ಹೋಯಿತು, 40 ಇದ್ದದ್ದು 24 ಆಯಿತು. ಮೇಲಿನ ರಾಡು ಒಳಗಡೆಗೆ ಬರಬೇಕು, ಲ್ಯಾಪ್ ಮುಗಿದ ಮೇಲೆ ನಿಧಾನಕ್ಕೆ ಬಾಗಿ ಮೂಲೆಗೆ ಹೋಗಬೇಕು. ಬಾಗು ಆರಕ್ಕೆ ಒಂದು. 16 ಎಂಎಂ ಪಕ್ಕಕ್ಕೆ ಹೋಗಲು ಸುಮಾರು 100 ಎಂಎಂ ಉದ್ದ ಬೇಕು. ಈ ಬಾಗನ್ನು ನೆಲದಲ್ಲೇ ಮಾಡಿಕೊಂಡು ನಿಲ್ಲಿಸುವುದು ಒಳ್ಳೆಯದು. ನಿಂತ ರಾಡಿಗೆ ಪೈಪ್ ಹಾಕಿ ಎಳೆದರೆ ಬುಡದ ಕಾಂಕ್ರೀಟು ಸಡಿಲವಾಗುತ್ತದೆ.

ಶಿರಾಗೇಟ್_ಹೊಸಮನೆ
ಮೇಡಂ, ತುಂಬಾ ಧನ್ಯವಾದ. ಈಗ ಅರ್ಥವಾಯಿತು. ಸಂಜೆ ಸೈಟಿಗೆ ಹೋಗಿ ಮೊದಲ ಮಹಡಿಗೆ ತಯಾರು ಮಾಡಿಟ್ಟಿದ್ದ ರಿಂಗ್ ಅಳೆದೆ. ಹೊರಗಿನಿಂದ ಹೊರಕ್ಕೆ ಏಳು ಇಂಚು, ಹತ್ತು ಇಂಚು. ಇದು ಸರಿಯಾ? 40ರ ಬ್ಲಾಕ್ ಒಂದು ಚೀಲ ತಂದಿದ್ದೇನೆ.

ತುಂಗಾತೀರ
ಸರಿಯಿಲ್ಲ. ಏಳು ಇಂಚು ಅಂದರೆ 178 ಎಂಎಂ. 230ರಲ್ಲಿ ಕಳೆದು ಎರಡು ಭಾಗ ಮಾಡಿ, ಒಂದೊಂದು ಕಡೆ 26 ಎಂಎಂ. 40ರ ಬ್ಲಾಕ್ ಅಲ್ಲಿ ಕೂರುವುದೇ ಇಲ್ಲ. ಕೂರದಿದ್ದಾಗ ಕೆಲಸದವರು ಬ್ಲಾಕ್ ತೆಗೆದು ಜಲ್ಲಿ ಸಿಕ್ಕಿಸುತ್ತಾರೆ. ನಿಮ್ಮ ನೆಲಮಹಡಿಯಲ್ಲೂ ಹಾಗೇ ಆಗಿರಬಹುದು. ಕವರ್ ನಿರ್ಧಾರ ಆಗುವುದು ರಿಂಗ್ ಬಗ್ಗಿಸುವ ಹಲಗೆ ಮೇಲೆ, ಬ್ಲಾಕ್ ಬರುವುದು ಆಮೇಲೆ. ಒಂಬತ್ತಕ್ಕೆ ಹನ್ನೆರಡು ಪಿಲ್ಲರ್‌ಗೆ ಆರಕ್ಕೆ ಒಂಬತ್ತರ ರಿಂಗ್ ಮಾಡಿಸಿ.

ಜಲ್ಲಿ ಕಲ್ಲಿನ ತೊಂದರೆ ಏನೆಂದರೆ ಅದನ್ನು ಕಟ್ಟಲು ಆಗುವುದಿಲ್ಲ. ವೈಬ್ರೇಟರ್ ಬಿಟ್ಟ ಕೂಡಲೇ ಜಾರಿ ಬೀಳುತ್ತದೆ, ರಿಂಗು ಸೆಂಟ್ರಿಂಗ್ ಹಲಗೆಗೆ ಹೋಗಿ ಅಂಟುತ್ತದೆ. ತಂತಿ ಇರುವ ಬ್ಲಾಕ್ ತಂದು ರಿಂಗಿಗೆ ಕಟ್ಟಿಸಿ, ನಾಲ್ಕೂ ಮುಖಕ್ಕೆ, ಸುಮಾರು ಮೂರಡಿಗೆ ಒಂದರ ಹಾಗೆ. ಲ್ಯಾಪ್ ಜಾಗದಲ್ಲಿ ಒಂದು ಸಾಲು ಜಾಸ್ತಿ.

ಡಿಸೈನ್_ಪುಣೆ_ಧಾರವಾಡಿಗ
ತುಂಗಾತೀರ ಅವರ ಜೊತೆ ಒಂದು ವಿಷಯಕ್ಕೆ ನನ್ನ ತಕರಾರಿದೆ. ಕೋಡ್ 40 ಅಂದದ್ದು ಉದ್ದ ರಾಡಿಗೆ, ರಿಂಗಿಗಲ್ಲ. 8 ಎಂಎಂ ರಿಂಗ್ ಆದರೆ ರಿಂಗಿನ ಮೇಲೆ 32 ಇದ್ದರೂ ಉದ್ದ ರಾಡಿಗೆ 40 ಸಿಗುತ್ತದೆ. ಒಂಬತ್ತು ಇಂಚಿನ ಪಿಲ್ಲರ್ ಮೊದಲೇ ತೆಳ್ಳಗೆ. ಅದರಲ್ಲಿ ಎರಡೂ ಕಡೆ ಎಂಟೆಂಟು ಎಂಎಂ ಒಳಗೆ ತಳ್ಳಿದರೆ ರಾಡುಗಳ ನಡುವಿನ ದೂರ ಕಮ್ಮಿಯಾಗಿ ಬಾಗು ತಡೆಯುವ ಶಕ್ತಿಯೂ ಕಮ್ಮಿಯಾಗುತ್ತದೆ. ಕವರ್ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವುದು ತಪ್ಪು.

ತುಂಗಾತೀರ
ಜಾಸ್ತಿ ಆದಷ್ಟೂ ಒಳ್ಳೆಯದು ಅಂತ ನಾನು ಹೇಳಿಲ್ಲ. ಆದರೆ ಅದೇ ಕೋಡ್‌ನಲ್ಲಿ ಕವರ್ ಅಂದರೆ ರಿಂಗೂ ಸೇರಿದಂತೆ ಎಲ್ಲ ಕಬ್ಬಿಣದ ಮೇಲಿನ ಕಾಂಕ್ರೀಟು ಅಂತಲೂ ಇದೆ. ತಪ್ಪಿದರೆ 10 ಎಂಎಂ ಹೆಚ್ಚಾಗಬಹುದು, ಒಂದು ಎಂಎಂ ಕೂಡ ಕಮ್ಮಿ ಆಗಬಾರದು ಅಂತ ಅಳತೆಯ ಸಡಿಲವನ್ನೂ ಕೊಟ್ಟಿದೆ. ಮನೆ ಸೈಟಿನಲ್ಲಿ 32ಕ್ಕೆ ಹೇಳಿದರೆ ನನಗೆ ಸಿಗುವುದು 20. ಅದಕ್ಕೇ ನಾನು ರಿಂಗಿನಿಂದ 40 ಕೇಳುತ್ತೇನೆ.

ಡಿಸೈನ್_ಪುಣೆ_ಧಾರವಾಡಿಗ
ಹಾಗಾದರೆ ಡಿಸೈನ್ ಮಾಡುವವರಿಗೂ 48 ಅಂತ ಮೊದಲೇ ಹೇಳಿ. ನಾವು ಕಾಗದದಲ್ಲಿ 40 ಹಿಡಿದು, ನೀವು ಸೈಟಿನಲ್ಲಿ 48 ಮಾಡಿದರೆ ಲೆಕ್ಕ ಮತ್ತು ಪಿಲ್ಲರ್ ಬೇರೆಬೇರೆ ಆಗುತ್ತವೆ. ನನ್ನ ಅಭಿಪ್ರಾಯ ಬದಲಾಗಿಲ್ಲ.

ಇರಲಿ, ಶಿರಾಗೇಟ್ ಅವರ ಎರಡಡಿಗೆ ಬರೋಣ. ಕೋಡ್‌ನಲ್ಲಿ ಲ್ಯಾಪ್ ಲೆಕ್ಕ ರಾಡಿನಲ್ಲಿ ಇರುವ ಒತ್ತಡದ ಮೇಲೆ ನಿಂತಿದೆ. 912 ಅನ್ನುವುದು ರಾಡು ತನ್ನ ಪೂರ್ತಿ ಶಕ್ತಿಗೆ ಎಳೆತ ತಿಂದಾಗ. ಬರೀ ಒತ್ತುವ ಭಾರ ಇದ್ದರೆ ಹಿಡಿತವನ್ನು ಕಾಲು ಭಾಗ ಹೆಚ್ಚು ಹಿಡಿಯಬಹುದು, ಆಗ 45 ಡಿ ಚಿಲ್ಲರೆ, 725 ಎಂಎಂ. ಅದಕ್ಕೂ 610 ಸಾಲದು. ಆದರೆ ಇದು ಮೇಲಿನ ಮಹಡಿ. ಹೊರುವುದು ಒಂದೇ ತಾರಸಿ. ಅಲ್ಲಿ ಆರು 16ರ ರಾಡು ನಿಜವಾಗಿ ಬೇಕಾ ಅಂತ ನಿಮ್ಮ ಡಿಸೈನರ್ ಲೆಕ್ಕ ನೋಡಬೇಕು. ಕೆಳಗೆ ಬೇಕಿದ್ದ ರಾಡನ್ನೇ ಮೇಲಕ್ಕೂ ಹಾಗೇ ಒಯ್ಯುವುದು ಮನೆ ಡ್ರಾಯಿಂಗ್‌ಗಳಲ್ಲಿ ಸಾಮಾನ್ಯ.

12 ಎಂಎಂನ ಆರು ರಾಡು ಸಾಕು ಅಂತ ಅವರ ಲೆಕ್ಕ ಹೇಳಿದರೆ ದಾರಿ ಇದೆ. ಎರಡು ದಪ್ಪದ ರಾಡು ಸೇರುವ ಕಡೆ ಐಎಸ್ 456 ಪ್ರಕಾರ ಲ್ಯಾಪ್ ಸಣ್ಣ ರಾಡಿನ ಮೇಲೆ. ಒತ್ತುವ ಭಾರಕ್ಕೆ 45 × 12, ಅಂದರೆ 540 ಚಿಲ್ಲರೆ. 610 ಸಾಕಾಗುತ್ತದೆ. ಆರು 12ರ ರಾಡು ಸೇರಿ 678 ಚದರ ಎಂಎಂ, ನಿಮ್ಮ ಪಿಲ್ಲರ್‌ಗೆ ಕೋಡ್ ಕೇಳುವ ಕನಿಷ್ಠ 0.8 ಶೇಕಡಾ, ಅಂದರೆ 552. ಕನಿಷ್ಠ ಮಿತಿ ದಾಟುತ್ತದೆ. ಮೂಲೆ ಪಿಲ್ಲರ್‌ಗಳಲ್ಲಿ ಬಾಗು ಜಾಸ್ತಿ, ಒಂದು ಪಕ್ಕದ ರಾಡು ಎಳೆತಕ್ಕೂ ಬರಬಹುದು, ಆಗ 684 ಬೇಕು. ಅಲ್ಲಿ ಈ ದಾರಿ ನಡೆಯುವುದಿಲ್ಲ.

ಕಟ್ಟಡಪ್ರಿಯ_ಹಾಸನ
ರಾಡು ಸಣ್ಣದು ಮಾಡಿ ಲ್ಯಾಪ್ ಸರಿಮಾಡುವುದು ನನಗೆ ಸರಿ ಕಾಣುತ್ತಿಲ್ಲ. ದುಡ್ಡು ಕೊಟ್ಟು ಮನೆ ಗಟ್ಟಿ ಮಾಡಬೇಕೋ ತೆಳ್ಳಗೆ ಮಾಡಬೇಕೋ? ವೆಲ್ಡಿಂಗ್ ಮಾಡಿಬಿಟ್ಟರೆ ಮುಗಿಯಲಿಲ್ಲವೇ.

ಡಿಸೈನ್_ಪುಣೆ_ಧಾರವಾಡಿಗ
ಸರಿಯಾಗಿ ಬಲ ದಾಟಿಸುವ 12ರ ರಾಡು, ಅರ್ಧಕ್ಕೆ ಜಾರುವ 16ರ ರಾಡಿಗಿಂತ ಮೇಲು. ಲೆಕ್ಕ ಒಪ್ಪದಿದ್ದರೆ ಬೇಡ, ಅದನ್ನು ಡಿಸೈನರ್ ಬರೆದು ಸಹಿ ಮಾಡಿ ಕೊಡಬೇಕು. ವೆಲ್ಡಿಂಗ್ ಬೇಡ. ಟಿಎಂಟಿ ರಾಡಿನ ಗಟ್ಟಿತನ ಇರುವುದು ನೀರಿನಲ್ಲಿ ತಣಿಸಿದ ಹೊರಪದರದಲ್ಲಿ. ಗೇಟ್ ಮಾಡುವ ವೆಲ್ಡರ್ ಬಂದು ಸುಟ್ಟರೆ ಆ ಪದರವೇ ಮೆದುವಾಗುತ್ತದೆ. ರಾಡಿನ ರಾಸಾಯನಿಕ ವರದಿ, ಸರಿಯಾದ ಎಲೆಕ್ಟ್ರೋಡ್, ಮಾದರಿ ಎಳೆದು ಪರೀಕ್ಷೆ ಇವೆಲ್ಲ ಇಲ್ಲದೆ ಪಿಲ್ಲರ್‌ನಲ್ಲಿ ವೆಲ್ಡಿಂಗ್ ನಂಬಬಾರದು. ಎರಡು ರಾಡನ್ನು ತುದಿಗೆ ತುದಿ ಸೇರಿಸಿ ಬೋಲ್ಟ್ ಬಿಗಿಯುವ ಕಪ್ಲರ್ ಸಿಗುತ್ತದೆ, ನಿಂತ ರಾಡಿಗೆ ಥ್ರೆಡ್ ಹಾಕದೆಯೇ ಕೂರಿಸಬಹುದು. ದುಬಾರಿ, ಆದರೆ ನಾಲ್ಕು ಮೂಲೆಗೆ ಅಷ್ಟೇ ತಾನೇ.

ಮಲ್ಲಿಗೆ_ಮೈಸೂರು
ನಮ್ಮದೂ ಇದೇ ತೊಂದರೆ! ಸ್ಲ್ಯಾಬ್ ಮತ್ತು ಸಜ್ಜಾ ಸೇರುವ ಕಡೆ ಲ್ಯಾಪ್ ಸರಿ ಕೊಟ್ಟಿಲ್ಲ ಅಂತ ಕಾಣುತ್ತದೆ, ಮಳೆ ಬಂದರೆ ನೀರು ಒಸರುತ್ತದೆ. ವಾಟರ್‌ಪ್ರೂಫ್ ಹಾಳೆ ಎಷ್ಟು ಇಂಚು ಒಂದರ ಮೇಲೊಂದು ಬರಬೇಕು?

ತುಂಗಾತೀರ
ಮಲ್ಲಿಗೆ ಅವರೇ, ಇಲ್ಲಿ ಮಾತಾಡುತ್ತಿರುವುದು ರಾಡಿನ ಲ್ಯಾಪ್. ನಿಮ್ಮದು ಬೇರೆ ವಿಷಯ, ಫೋಟೋ ಹಾಕಿ ಬೇರೆಯಾಗಿ ಕೇಳಿ, ಖಂಡಿತ ನೋಡುತ್ತೇನೆ.

ಹೊಸ_ಡಿಪ್ಲೊಮಾ_ಗದಗ
ಮೇಡಂ, ನಾನು ಹೊಸದಾಗಿ ಸೈಟ್ ಸೇರಿದ್ದೇನೆ. ಬೀಮ್‌ನಲ್ಲಿ ಲ್ಯಾಪ್ ಎಲ್ಲಿ ಕೊಡಬೇಕು? ಮೇಲಿನ ರಾಡು, ಕೆಳಗಿನ ರಾಡು ಎರಡಕ್ಕೂ ಒಂದೇ ಜಾಗವಾ?

ತುಂಗಾತೀರ
ಎರಡಕ್ಕೂ ಬೇರೆ. ಬೀಮ್ ನಡುವೆ ಜೋತು ಬೀಳಲು ನೋಡುತ್ತದೆ, ಅಲ್ಲಿ ಕೆಳಗಿನ ರಾಡು ಎಳೆತದಲ್ಲಿ. ಪಿಲ್ಲರ್ ಹತ್ತಿರ ಮೇಲಿನ ರಾಡು ಎಳೆತದಲ್ಲಿ. ಎಳೆತ ಜೋರಾಗಿರುವ ಜಾಗ ಬಿಟ್ಟು ಕೊಡಬೇಕು. ಹಾಗಾಗಿ ಮೇಲಿನ ರಾಡಿಗೆ ನಡುವಿನ ಭಾಗದಲ್ಲಿ, ಕೆಳಗಿನದಕ್ಕೆ ನಡುಭಾಗ ಬಿಟ್ಟು. ಕೆಳಗಿನದನ್ನು ಪಿಲ್ಲರ್ ಒಳಗೇ ಸೇರಿಸುವುದೂ ಬೇಡ, ಭೂಕಂಪದ ಐಎಸ್ 13920 ಪ್ರಕಾರ ಪಿಲ್ಲರ್ ಮುಖದಿಂದ ಬೀಮ್‌ನ ಆಳದ ಎರಡು ಪಟ್ಟು ದೂರದ ತನಕ ಲ್ಯಾಪ್ ಇರಬಾರದು. 2016ರ ಭೂಕಂಪ ನಕ್ಷೆಯಲ್ಲಿ ತುಮಕೂರು ವಲಯ 2, ಅಲ್ಲಿ ಅದು ಕಡ್ಡಾಯವಲ್ಲ. ಅದೇ ನಕ್ಷೆಯಲ್ಲಿ ಮಂಗಳೂರು, ಕಾರವಾರ, ಬೆಳಗಾವಿ, ಧಾರವಾಡ ವಲಯ 3ರಲ್ಲಿವೆ, ಅಲ್ಲಿ ಕಡ್ಡಾಯ. ನಿಮ್ಮದು 15 ಅಡಿ ಸ್ಪ್ಯಾನ್ ಆದರೆ 12 ಮೀಟರ್ ರಾಡನ್ನು ಎರಡು ಸ್ಪ್ಯಾನ್‌ಗೆ ಪೂರ್ತಿ ಹಾಯಿಸಿ, ಲ್ಯಾಪೇ ಕಮ್ಮಿಯಾಗುತ್ತದೆ.

ಇನ್ನೊಂದು ನೀವೇ ಲೆಕ್ಕ ಹಾಕಿ ನೋಡಿ. ಒಂಬತ್ತು ಇಂಚಿನ ಬೀಮ್, 25 ಕವರ್, 8ರ ರಿಂಗ್. ಒಳಗೆ ಉಳಿಯುವುದು 164 ಎಂಎಂ. 16ರ ನಾಲ್ಕು ರಾಡನ್ನೂ ಒಂದೇ ಕಡೆ ಲ್ಯಾಪ್ ಮಾಡಿದರೆ ಎಂಟು ರಾಡು, 128 ಎಂಎಂ ಹೋಯಿತು. ಉಳಿದ 36ರಲ್ಲಿ ಮೂರು ಸಂದು, ಒಂದೊಂದು 12 ಎಂಎಂ. 20 ಎಂಎಂ ಜಲ್ಲಿ ಅಲ್ಲಿ ಇಳಿಯುತ್ತದಾ? ಮೇಲೇ ನಿಂತು, ಕೆಳಗೆ ಟೊಳ್ಳು ಬೀಳುತ್ತದೆ. ಬಾಕ್ಸ್ ಬಿಚ್ಚಿದಾಗ ಬೀಮ್ ತಳದಲ್ಲಿ ರಾಡು ಕಾಣುವುದು ಹೀಗೇ. ಅರ್ಧ ರಾಡು ಒಂದು ಕಡೆ, ಇನ್ನರ್ಧ ದೂರದಲ್ಲಿ ಲ್ಯಾಪ್ ಮಾಡಬೇಕು. ಎರಡು ಲ್ಯಾಪ್‌ಗಳ ನಡುಬಿಂದುವಿನ ಅಂತರ ಲ್ಯಾಪ್ ಉದ್ದದ 1.3 ಪಟ್ಟಿಗಿಂತ ಕಮ್ಮಿ ಇರಬಾರದು.

ಕಂಬಿಕೆಲಸ_ರಾಯಚೂರು
ಅಕ್ಕಾರೆ, ಪಿಲ್ಲರ್‌ನಲ್ಲಿ ಈ 1.3 ಹೇಗೆ ಬರುತ್ತದೆ? 16ರ ರಾಡಿಗೆ ಲ್ಯಾಪೇ ಮೂರಡಿ. ಇನ್ನೊಂದು ಲ್ಯಾಪ್ ನಾಲ್ಕಡಿ ಮೇಲೆ ಅಂದರೆ ಒಟ್ಟು ಏಳಡಿ. ಬೀಮ್ ಕೆಳಗೆ ಪಿಲ್ಲರ್ ಒಂಬತ್ತಡಿ, ಅದರ ನಡು ಅರ್ಧ ನಾಲ್ಕೂವರೆ ಅಡಿ. ಹಿಡಿಯಲ್ಲ.

ತುಂಗಾತೀರ
ನೀವು ಹೇಳಿದ್ದು ಪೂರ್ತಿ ಸರಿ, ಒಂದೇ ಮಹಡಿಯ ನಡುಭಾಗದಲ್ಲಿ ಎರಡೂ ಹಿಡಿಯುವುದಿಲ್ಲ. ಮೂರು ರಾಡನ್ನು ಈ ಮಹಡಿಯಲ್ಲಿ ಲ್ಯಾಪ್ ಮಾಡಿ, ಉಳಿದ ಮೂರನ್ನು ಹಾಗೇ ಮೇಲಿನ ಮಹಡಿಗೆ ಒಯ್ದು ಅಲ್ಲಿ ಲ್ಯಾಪ್ ಮಾಡುವುದೇ ದಾರಿ. ಅಷ್ಟುದ್ದದ ರಾಡಿಗೆ ಆಧಾರ ಕಟ್ಟುವ ಕಷ್ಟ ನಿಮ್ಮ ಪಾಲಿಗೆ ಬರುತ್ತದೆ, ಅದಕ್ಕೆ ಕೂಲಿಯನ್ನೂ ಜಾಸ್ತಿ ಹಿಡಿಯಬೇಕು ಅನ್ನುವುದು ನನ್ನ ಮಾತು.

ಶಿರಾಗೇಟ್_ಹೊಸಮನೆ
ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಡಿಸೈನರ್ ಸೈಟಿಗೆ ಬಂದು ಎಲ್ಲ ರಾಡು ಅಳೆದರು. ನಡುವಿನ ಪಿಲ್ಲರ್‌ಗಳಿಗೆ ಮೇಲೆ 12ರ ಆರು ರಾಡು ಸಾಕು ಅಂತ ಲೆಕ್ಕ ಮಾಡಿ ಬರೆದು ಕೊಟ್ಟಿದ್ದಾರೆ, ಲ್ಯಾಪ್ ಇರುವಷ್ಟೂ ದೂರ ನಾಲ್ಕು ಇಂಚಿಗೆ ಒಂದು ರಿಂಗ್. ನಾಲ್ಕು ಮೂಲೆ ಪಿಲ್ಲರ್‌ಗೆ 16 ಹಾಗೇ ಇಟ್ಟು ಕಪ್ಲರ್. ಹಳೆ ರಿಂಗ್ ಬೇರೆ ಇಟ್ಟು ಆರಕ್ಕೆ ಒಂಬತ್ತರದು ಹೊಸದಾಗಿ ಮಾಡಿಸಿದೆ. ನೆಲಮಹಡಿ ಪಿಲ್ಲರ್‌ಗಳ ಕವರ್ ನೋಡಲು ಕವರ್ ಮೀಟರ್ ಇರುವವರನ್ನು ಕರೆಸಿದ್ದಾರೆ, ಬರುವ ಸೋಮವಾರ ಬರುತ್ತಾರೆ. ಅಲ್ಲಿ 20ಕ್ಕಿಂತ ಕಮ್ಮಿ ಬಂದರೆ ಏನು ಮಾಡಬೇಕು?

ಕಡಲತಡಿ_ಕುಂದಾಪುರ
ಅಂಕಿ ಬಂದ ಕೂಡಲೇ ಇಲ್ಲೇ ಹಾಕಿ ಸರ್, ಯಾವ ಪಿಲ್ಲರ್, ಯಾವ ಮುಖ ಅಂತ ಸಮೇತ. ಹೊರಗೋಡೆ ಕಡೆಯ ಮುಖ ಬಿಡದೆ ನೋಡಿಸಿ, ಮಳೆ ಹೊಡೆಯುವುದು ಅಲ್ಲಿಗೇ. ಅಲ್ಲಿಯವರೆಗೆ ಪ್ಲಾಸ್ಟರ್ ಮಾಡಿಸಬೇಡಿ.